ಪಕ್ಕದ ಮನೆಯವರ ಲಾಭಕ್ಕೆ ಎಷ್ಟು ಸಬ್ಸಿಡಿ?

ಜಪಾನಿನಲ್ಲಿ 1962ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. 1977ರಲ್ಲಿ ಅದನ್ನು ಕಡ್ಡಾಯವನ್ನೇ ಮಾಡಿದರು. ಆದರೆ ಹುಷಾರಾಗಿರುವ ಮಗುವಿಗೆ ಫ್ಲೂ ಬಂದರೆ ಸಾಮಾನ್ಯವಾಗಿ ನಾಲ್ಕೈದು ದಿನ ಜ್ವರ, ಮೈಕೈ ನೋವು, ಆಮೇಲೆ ಮತ್ತೆ ಆಟ. ಇಷ್ಟಕ್ಕೆ ವರ್ಷವರ್ಷವೂ ಸೂಜಿ ಯಾಕೆ ಎಂಬ ಪ್ರಶ್ನೆ ಎದ್ದಿತು. 1987ರಲ್ಲಿ ಬೇಡ ಎನ್ನುವ ಹಕ್ಕು ಪೋಷಕರಿಗೆ ಸಿಕ್ಕಿತು. 1994ರಲ್ಲಿ ಕಾರ್ಯಕ್ರಮವೇ ನಿಂತುಹೋಯಿತು.

ಅದು ನಿಂತ ಮೇಲೆ ಚಳಿಗಾಲದಲ್ಲಿ ಸಾವು ಹೆಚ್ಚಿತು. ಸತ್ತವರಲ್ಲಿ ಬಹುಪಾಲು ಶಾಲೆಯ ಮೆಟ್ಟಿಲು ಹತ್ತಿ ಎಷ್ಟೋ ದಶಕವಾಗಿದ್ದ ಅಜ್ಜ ಅಜ್ಜಿಯರು. 2001ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನವೊಂದು ಐವತ್ತು ವರ್ಷಗಳ ಮರಣದ ಲೆಕ್ಕ ತೆಗೆದು ನೋಡಿತು. ಮಕ್ಕಳಿಗೆ ಹಾಕಿದ ಲಸಿಕೆ ವರ್ಷಕ್ಕೆ 37,000ದಿಂದ 49,000 ಸಾವುಗಳನ್ನು ತಡೆಯುತ್ತಿತ್ತು ಎಂಬುದು ಅದರ ಅಂದಾಜು. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ ಉಳಿಯುತ್ತಿತ್ತು. ಸಂಖ್ಯೆ ಇಷ್ಟೇ ಇತ್ತೇ ಎಂದು ವಾದಿಸಬಹುದು. ಆದರೆ ಸೂಜಿ ಒಬ್ಬರ ತೋಳಿಗೆ, ಲಾಭ ಇನ್ನೊಬ್ಬರ ಪ್ರಾಣಕ್ಕೆ ಎಂಬುದನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವ ಉದಾಹರಣೆ ನನಗಂತೂ ಗೊತ್ತಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ಪ್ರಯೋಜನ ಎನ್ನುತ್ತಾರೆ. ಲಸಿಕೆ ಕೊಳ್ಳುವವರು ತಮಗೆ ಆಗುವ ಲಾಭವನ್ನಷ್ಟೇ ಬೆಲೆಯ ಜೊತೆ ತೂಗಿ ನೋಡುತ್ತಾರೆ. ಪಕ್ಕದ ಮನೆಯವರ ಲಾಭ ಆ ತಕ್ಕಡಿಗೆ ಬೀಳುವುದೇ ಇಲ್ಲ. ಹೀಗಾಗಿ ಊರಿಗೆ ಬೇಕಾದಷ್ಟು ಲಸಿಕೆ ಖರ್ಚಾಗುವುದಿಲ್ಲ. ಬಿಟ್ಟುಹೋದ ಲಾಭದಷ್ಟು ಹಣವನ್ನು ಸರ್ಕಾರ ಬೆಲೆಯಲ್ಲಿ ಇಳಿಸಿಕೊಟ್ಟರೆ ಸರಿಹೋಗುತ್ತದೆ ಎಂಬ ವಾದವನ್ನು ಬೆಳೆಸಿದವರು ಕೇಂಬ್ರಿಡ್ಜಿನ ಆರ್ಥರ್ ಪಿಗೂ. ಅವರ ‘ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್’ ಬಂದದ್ದು 1920ರಲ್ಲಿ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಎಡವುವುದು ಆ ಮೊತ್ತ ಎಷ್ಟು ಎಂದು ಕೇಳಿದಾಗ.

ಕೈಬರಹದಲ್ಲೇ ಮಾಡಬಹುದಾದ ಲೆಕ್ಕ ಇದು. ಹತ್ತು ಸಾವಿರ ಜನರ ಒಂದು ಊರು ಇದೆ ಎಂದುಕೊಳ್ಳಿ. ಫ್ಲೂ ಲಸಿಕೆಯ ಒಂದು ಡೋಸ್ ತರಿಸಿ, ಶೀತಲ ಪೆಟ್ಟಿಗೆಯಲ್ಲಿಟ್ಟು, ಚುಚ್ಚಿ ಮುಗಿಸುವಷ್ಟರಲ್ಲಿ 1,400 ರೂಪಾಯಿ ಖರ್ಚು ಬೀಳುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ನಾನೇ ಇಟ್ಟುಕೊಂಡ ಅಂಕಿಗಳಿವು. ಜನರನ್ನು ಒಂದು ಸಾಲಿನಲ್ಲಿ ನಿಲ್ಲಿಸೋಣ. ಮೊದಲಲ್ಲಿ ನಿಂತವರು ಉಬ್ಬಸದವರು, ಸಕ್ಕರೆ ಕಾಯಿಲೆಯವರು. ಅವರು 2,400 ರೂಪಾಯಿಯಾದರೂ ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಸಾಲಿನಲ್ಲಿ ಹಿಂದೆ ಹೋದ ಹಾಗೆ, ಪ್ರತಿ ನೂರು ಜನರಿಗೆ, ಕೊಡಲು ಸಿದ್ಧವಿರುವ ಮೊತ್ತ 20 ರೂಪಾಯಿ ಇಳಿಯುತ್ತದೆ. ಐದು ಸಾವಿರದನೆಯವರ ಹತ್ತಿರ ಬಂದಾಗ ಅದು ಸರಿಯಾಗಿ 1,400. ಅವರ ಹಿಂದಿನವರು ಮನೆಗೆ ವಾಪಸ್. ಮಾರುಕಟ್ಟೆಯ ಪಾಡಿಗೆ ಬಿಟ್ಟರೆ ಊರಿನಲ್ಲಿ ಅರ್ಧ ಜನರಿಗಷ್ಟೇ ಲಸಿಕೆ.

ಇನ್ನು ಬೇರೆಯವರ ಲಾಭ. ಊರಿನಲ್ಲಿ ಯಾರಿಗೂ ಲಸಿಕೆ ಇಲ್ಲದಾಗ ಹಾಕಿಸಿಕೊಂಡ ಮೊದಲ ವ್ಯಕ್ತಿ, ಸೋಂಕು ಹಲವರಿಗೆ ದಾಟುವ ದಾರಿಯನ್ನು ಮುಚ್ಚುತ್ತಾನೆ. ಅವನ ಸುತ್ತ ಎಲ್ಲರಿಗೂ ಅಪಾಯವಿದೆ, ಹಾಗಾಗಿ ಉಪಕಾರ ದೊಡ್ಡದು. ಅದನ್ನು 1,400 ರೂಪಾಯಿ ಎನ್ನೋಣ. ಲಸಿಕೆ ಪಡೆದವರು ಹೆಚ್ಚುತ್ತಾ ಹೋದಂತೆ ಹೊಸಬನ ಸುತ್ತಲಿನವರು ಆಗಲೇ ಸುರಕ್ಷಿತರಾಗಿರುತ್ತಾರೆ. ಅವನಿಂದ ಇತರರಿಗೆ ಆಗುವ ಲಾಭ ಪ್ರತಿ ನೂರು ಜನರಿಗೆ 10 ರೂಪಾಯಿಯಂತೆ ಇಳಿಯಲಿ. ಅಂದರೆ ಐದು ಸಾವಿರದನೆಯ ಡೋಸ್‌ನಿಂದ ಊರಿಗೆ 900 ರೂಪಾಯಿಯ ಹೊರಗಿನ ಲಾಭ.

ಈಗ ಯಾವ ಅಧಿಕಾರಿಯಾದರೂ ಥಟ್ಟನೆ ಹೇಳುವ ಉತ್ತರ: ಸಬ್ಸಿಡಿ 900 ರೂಪಾಯಿ. ಮಾರುಕಟ್ಟೆ ನಿಂತ ಜಾಗದಲ್ಲಿ ಲೆಕ್ಕಕ್ಕೆ ಸಿಗದೆ ಹೋಗುತ್ತಿರುವುದು ಅಷ್ಟೇ ತಾನೆ? ಕೊಟ್ಟು ನೋಡಿ. ಜನರ ಕೈಯಿಂದ ಹೋಗುವುದು 500 ರೂಪಾಯಿ. ಆ ಬೆಲೆಗೆ 9,500 ಜನ ಸಾಲುಗಟ್ಟುತ್ತಾರೆ. ಆದರೆ ಕೊನೆಯಲ್ಲಿ ಬಂದವರ ಸ್ವಂತ ಲಾಭ 500, ಅವರಿಂದ ಇತರರಿಗೆ ಆಗುವ ಲಾಭ ಈಗ ಇಳಿದು 450, ಒಟ್ಟು 950. ಖರ್ಚಾಗಿದ್ದು ಮಾತ್ರ 1,400. ಆ ಒಂದು ಡೋಸ್‌ನಲ್ಲಿ ಊರಿಗೆ 450 ರೂಪಾಯಿ ಕೈಬಿಟ್ಟಿತು. ಅದೇ ಹಣಕ್ಕೆ ಆರೋಗ್ಯ ಕೇಂದ್ರದಲ್ಲಿ ಬೇರೇನೋ ಒಳ್ಳೆಯದಾಗುತ್ತಿತ್ತು.

ಸರಿಯಾದ ಜಾಗ ಹುಡುಕಬೇಕಾದರೆ ಸ್ವಂತ ಲಾಭ, ಹೊರಗಿನ ಲಾಭ ಎರಡನ್ನೂ ಕೂಡಿಸಿ, ಅದು ಖರ್ಚಿಗೆ ಸಮವಾಗುವ ಡೋಸ್ ಯಾವುದು ಎಂದು ನೋಡಬೇಕು. ನಮ್ಮ ಊರಿನಲ್ಲಿ ಅದು ಎಂಟು ಸಾವಿರದನೆಯದು. ಅಲ್ಲಿ ಸ್ವಂತ ಲಾಭ 800, ಹೊರಗಿನ ಲಾಭ 600, ಕೂಡಿಸಿದರೆ 1,400. ಹಾಗಾದರೆ ಸಬ್ಸಿಡಿ 600, ಜನ ಕೊಡುವುದು 800. ಮೊತ್ತವನ್ನು ಅಳೆಯಬೇಕಾದ್ದು ನಾವು ತಲುಪಬೇಕಾದ ಜಾಗದಲ್ಲಿ. ಈಗ ನಿಂತ ಜಾಗದಲ್ಲಿ ಅಳೆದರೆ, ಹೊರಗಿನ ಲಾಭ ಇಳಿಯುತ್ತಾ ಹೋಗುವ ಲಸಿಕೆಯಂಥ ವಸ್ತುವಿಗೆ ಉತ್ತರ ಹೆಚ್ಚೇ ಬರುತ್ತದೆ. ಪಠ್ಯಪುಸ್ತಕಗಳು ಹೊರಗಿನ ಲಾಭವನ್ನು ಉದ್ದಕ್ಕೂ ಒಂದೇ ಸಮನಾದ ಗೆರೆಯಾಗಿ ಎಳೆದು ತೋರಿಸುವುದರಿಂದ ಈ ವ್ಯತ್ಯಾಸ ಎಷ್ಟೋ ವಿದ್ಯಾರ್ಥಿಗಳ ಕಣ್ಣಿಗೇ ಬೀಳುವುದಿಲ್ಲ.

ನಿಜವಾದ ಊರಿನಲ್ಲಿ ಸಾಲಿನ ಪ್ರತಿಯೊಬ್ಬರ ಮನಸ್ಸಿನ ಬೆಲೆ ಯಾರಿಗೂ ಗೊತ್ತಿರುವುದಿಲ್ಲ, ನಿಜ. ಆದರೆ ತಡಕಿಕೊಂಡು ಹೋಗಬಹುದು. ಸಬ್ಸಿಡಿ 300 ಇಟ್ಟರೆ 6,500 ಜನ ಬರುತ್ತಾರೆ. ಆ ಹಂತದಲ್ಲಿ ಇನ್ನೊಂದು ಡೋಸ್ ಇತರರಿಗೆ ಕೊಡುವ ಲಾಭ 750, ಅಂದರೆ ಸಬ್ಸಿಡಿಗಿಂತ ಜಾಸ್ತಿ. ಇನ್ನೂ ಏರಿಸಬಹುದು. 500ಕ್ಕೆ 7,500 ಜನ, ಲಾಭ 650. ಇನ್ನೂ ಜಾಗವಿದೆ. 700ಕ್ಕೆ ಹೋದರೆ 8,500 ಜನ, ಆದರೆ ಲಾಭ 550ಕ್ಕೆ ಇಳಿದು ಸಬ್ಸಿಡಿಗಿಂತ ಕೆಳಗೆ ಬಿತ್ತು. ಮೇಲೆ ಹೋದದ್ದಾಯಿತು, ಹಿಂದೆ ಬರಬೇಕು. ಕೊಡುವ ಮೊತ್ತ, ಆ ಮೊತ್ತಕ್ಕೆ ಬಂದ ಕೊನೆಯ ವ್ಯಕ್ತಿಯಿಂದ ಇತರರಿಗೆ ಆಗುವ ಲಾಭ, ಇವೆರಡೂ ಸಮವಾದಲ್ಲಿ ನಿಲ್ಲಬೇಕು.

ಇಷ್ಟರಿಂದ ಊರಿಗೆ ಸಿಕ್ಕಿದ್ದೇನು? ಐದು ಸಾವಿರದಿಂದ ಎಂಟು ಸಾವಿರದವರೆಗಿನ ಮೂರು ಸಾವಿರ ಡೋಸ್‌ಗಳಲ್ಲಿ ಖರ್ಚು ಕಳೆದು ಉಳಿಯುವ ಲಾಭ ಒಂದು ತ್ರಿಕೋನದಂತೆ 900ರಿಂದ ಸೊನ್ನೆಗೆ ಇಳಿಯುತ್ತದೆ. ಅದರ ವಿಸ್ತೀರ್ಣ 13.5 ಲಕ್ಷ ರೂಪಾಯಿ. ಖಜಾನೆಯಿಂದ ಹೋಗುವುದು ಮಾತ್ರ 48 ಲಕ್ಷ. ಬಜೆಟ್ ಕಡತ ನೋಡುವವರು ಇಲ್ಲಿಯೇ ಹುಬ್ಬು ಗಂಟಿಕ್ಕುತ್ತಾರೆ. ಆ 48ರಲ್ಲಿ 30 ಲಕ್ಷ, ಸಬ್ಸಿಡಿ ಇಲ್ಲದಿದ್ದರೂ ಲಸಿಕೆ ಕೊಳ್ಳುತ್ತಿದ್ದ ಐದು ಸಾವಿರ ಜನರಿಗೆ ಹೋಗಿದೆ. ಅದು ಸಮಾಜಕ್ಕೆ ಆದ ನಷ್ಟವೇನಲ್ಲ, ತೆರಿಗೆ ಕೊಟ್ಟವರ ಜೇಬಿನಿಂದ ಲಸಿಕೆ ಹಾಕಿಸಿಕೊಂಡವರ ಜೇಬಿಗೆ ಹೋದ ಹಣ. ಆದರೆ ತೆರಿಗೆ ಎತ್ತುವುದಕ್ಕೂ ಒಂದು ಬೆಲೆ ಇದೆ. ಅದನ್ನು ಲೆಕ್ಕಕ್ಕೆ ತಂದರೆ ಸರಿಯಾದ ಸಬ್ಸಿಡಿ 600ಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಇನ್ನೊಂದು ಮಾತು. ಊರಿಗೆಲ್ಲ ಒಂದೇ ಕ್ಲಿನಿಕ್ ಇದ್ದರೆ ಅದು ದರ ಏರಿಸಿ ಸಬ್ಸಿಡಿಯ ಒಂದು ಪಾಲನ್ನು ತಾನೇ ಇಟ್ಟುಕೊಳ್ಳುತ್ತದೆ. ರಸೀದಿಯಲ್ಲಿ ಜನ ಕೊಟ್ಟ ಬೆಲೆ ನಿಜಕ್ಕೂ 800ಕ್ಕೆ ಇಳಿಯಿತೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ.

ಜಪಾನಿನ ಕಥೆ ಇಲ್ಲಿ ಮತ್ತೆ ಬೇಕಾಗುತ್ತದೆ. ನಾನು ಸಾಲಿನಲ್ಲಿ ನಿಲ್ಲಿಸಿದವರೆಲ್ಲರೂ ಇತರರಿಗೆ ಒಂದೇ ಥರದ ಉಪಕಾರ ಮಾಡುತ್ತಾರೆ ಎಂದುಕೊಂಡಿದ್ದೆ. ಹಾಗಿಲ್ಲ. ಮನೆಯಲ್ಲೇ ಇರುವ ಎಂಬತ್ತರ ಅಜ್ಜಿಗೆ ಲಸಿಕೆಯಿಂದ ಸ್ವಂತ ಲಾಭ ಅಪಾರ, ಆದರೆ ಅವರು ಸೋಂಕು ದಾಟಿಸುವುದು ಕಡಿಮೆ ಜನರಿಗೆ. ನಲವತ್ತು ಮಕ್ಕಳ ತರಗತಿಯಲ್ಲಿ ಕೂತು ಬರುವ ಮೊಮ್ಮಗನದು ಇದರ ತಿರುವುಮುರುವು. ಬಾಹ್ಯ ಪ್ರಯೋಜನದ ಲೆಕ್ಕದಲ್ಲಿ ಹೆಚ್ಚು ಸಬ್ಸಿಡಿ ಸಲ್ಲಬೇಕಾದ್ದು ಮೊಮ್ಮಗನಿಗೆ. ಅಜ್ಜಿಗೆ ಉಚಿತವಾಗಿ ಕೊಡಬಾರದೆಂದಲ್ಲ. ಕೊಟ್ಟರೆ ಅದರ ಕಾರಣ ಕಾಳಜಿ, ನ್ಯಾಯ, ಅಥವಾ ಆಸ್ಪತ್ರೆ ಖರ್ಚಿನ ಉಳಿತಾಯ.

ಈ ಬೇರ್ಪಡಿಕೆ ನಮ್ಮ ಮಲೆನಾಡಿನಲ್ಲಿ ಇನ್ನೂ ಸ್ಪಷ್ಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ದರಗು ಗುಡಿಸಲು ಕಾಡಿಗೆ ಹೋಗುವವರು ಲಸಿಕೆ ಹಾಕಿಸಿಕೊಂಡರೆ ಉಳಿಯುವುದು ಅವರೇ, ಪಕ್ಕದ ಮನೆಯವರ ಅಪಾಯ ಹಾಗೇ ಇರುತ್ತದೆ. ಧನುರ್ವಾಯು ಕೂಡ ಹಾಗೆಯೇ, ರೋಗಾಣು ಇರುವುದು ಮಣ್ಣಿನಲ್ಲಿ. ಇಂಥ ಲಸಿಕೆಗಳನ್ನು ಸರ್ಕಾರ ಉಚಿತವಾಗಿ ಕೊಡುವುದಕ್ಕೆ ಬೇಕಾದಷ್ಟು ಕಾರಣಗಳಿವೆ, ಪಿಗೂ ಸಬ್ಸಿಡಿ ಮಾತ್ರ ಸೊನ್ನೆಯ ಹತ್ತಿರ. ಹುಚ್ಚುನಾಯಿ ರೋಗದಲ್ಲಿ ಕಡಿಸಿಕೊಂಡ ಮೇಲೆ ಹಾಕುವ ಚುಚ್ಚುಮದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಬೀದಿಗೆಲ್ಲ ಲಾಭ ಹಂಚುವುದು ನಾಯಿಗೆ ಹಾಕಿದ ಲಸಿಕೆ.

ದಡಾರದ ಕಥೆ ಇನ್ನೊಂದು ತುದಿಯದು. ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ದಾಟಬಲ್ಲ ಕಾಯಿಲೆ ಅದು, ಹಾಗಾಗಿ ನೂರಕ್ಕೆ ತೊಂಬತ್ತೈದರ ಆಸುಪಾಸು ಜನರಿಗೆ ರಕ್ಷಣೆ ಇದ್ದರಷ್ಟೇ ಹರಡುವುದು ನಿಲ್ಲುತ್ತದೆ. ಅಲ್ಲಿಯವರೆಗೂ ಹೊರಗಿನ ಲಾಭ ದೊಡ್ಡದಾಗಿಯೇ ಇರುತ್ತದೆ. ಲೆಕ್ಕ ಮಾಡಿದರೆ ಸಬ್ಸಿಡಿ ಲಸಿಕೆಯ ಪೂರ್ತಿ ಖರ್ಚನ್ನೂ ದಾಟಿಬಿಡಬಹುದು. ದಾಟಿದರೆ ಏನು ಮಾಡಬೇಕು? ಬೆಲೆ ಸೊನ್ನೆಗಿಂತ ಕೆಳಗಿಳಿಯಬೇಕು, ಅಂದರೆ ಹಾಕಿಸಿಕೊಂಡವರಿಗೆ ನಾವೇ ಏನಾದರೂ ಕೊಡಬೇಕು. ಉಚಿತ ಲಸಿಕೆ ಎಂದರೂ ತಾಯಿಗೆ ಅದು ಪೂರ್ತಿ ಉಚಿತವಲ್ಲವಲ್ಲ. ಅರ್ಧ ದಿನದ ಕೂಲಿ, ಬಸ್ಸು, ರಾತ್ರಿ ಮಗುವಿನ ಜ್ವರ, ಎಲ್ಲವೂ ಅವಳ ಪಾಲಿನ ಬೆಲೆ.

ರಾಜಸ್ಥಾನದ ಉದಯಪುರ ಜಿಲ್ಲೆಯ 134 ಹಳ್ಳಿಗಳಲ್ಲಿ ಇದನ್ನು ಮಾಡಿಯೇ ನೋಡಿದರು. ಸೇವಾ ಮಂದಿರ ಎಂಬ ಸಂಸ್ಥೆಯ ಜೊತೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಎಂದಿನ ವ್ಯವಸ್ಥೆಯೇ ಇದ್ದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಮುಗಿಸಿದ ಮಕ್ಕಳು ನೂರಕ್ಕೆ 6. ತಿಂಗಳು ತಪ್ಪದೆ ಶಿಬಿರ ನಡೆಸಿದ ಕಡೆ 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳು ಕೊಟ್ಟ ಕಡೆ 39.

ಬೇಳೆ ಕೊಟ್ಟರೆ ಖರ್ಚು ಹೆಚ್ಚಬೇಕಿತ್ತು. ಆದರೆ ಲಸಿಕೆ ಮುಗಿಸಿದ ಒಂದು ಮಗುವಿಗೆ ತಗುಲಿದ ಖರ್ಚು ಬರೀ ಶಿಬಿರದಲ್ಲಿ ಸುಮಾರು 2,200 ರೂಪಾಯಿ ಇದ್ದದ್ದು ಬೇಳೆಯ ಶಿಬಿರದಲ್ಲಿ 1,100ರ ಹತ್ತಿರ ಇಳಿಯಿತು. ದಾದಿಯ ಸಂಬಳ, ಗಾಡಿಯ ಬಾಡಿಗೆ ಹತ್ತು ಮಕ್ಕಳು ಬಂದರೂ ಅಷ್ಟೇ, ಮೂವತ್ತು ಬಂದರೂ ಅಷ್ಟೇ. ನನ್ನ ಊರಿನ ಲೆಕ್ಕದಲ್ಲಿ ಪ್ರತಿ ಡೋಸ್‌ಗೂ ಒಂದೇ ಖರ್ಚು ಎಂದಿಟ್ಟುಕೊಂಡದ್ದು ಅಲ್ಲಿ ನಡೆಯದು. ಜನ ಹೆಚ್ಚಿದಂತೆ ತಲಾ ಖರ್ಚು ಇಳಿಯುವ ಕಡೆ ಸರಿಯಾದ ಪ್ರಮಾಣ ಇನ್ನೂ ಮುಂದಕ್ಕೆ ಸರಿಯುತ್ತದೆ. ಬೇಳೆ, ತಟ್ಟೆ ಎರಡೂ ಇದ್ದ ಹಳ್ಳಿಗಳಲ್ಲೂ ನೂರಕ್ಕೆ 61 ಮಕ್ಕಳ ಲಸಿಕೆ ಪೂರ್ತಿಯಾಗಲಿಲ್ಲ. ಅವರಲ್ಲಿ ಎಷ್ಟು ಮಂದಿಗೆ ಇನ್ನೊಂದು ಕಿಲೋ ಬೇಳೆ ಸಾಕಾಗುತ್ತಿತ್ತು, ಎಷ್ಟು ಮಂದಿಯ ತೊಡಕು ಬೆಲೆಯದ್ದೇ ಅಲ್ಲ ಎಂದು ಬೇರ್ಪಡಿಸಬೇಕಾದರೆ, ಬೇಳೆಯ ಅಳತೆಯನ್ನು ಹಳ್ಳಿಯಿಂದ ಹಳ್ಳಿಗೆ ಬದಲಿಸಿ ಮತ್ತೆ ಎಣಿಸಬೇಕು.