ಒಂಟಿ ಹಿರಿಯರ ಮನೆಯಲ್ಲಿ ಬೆಕ್ಕು

ಒಂಟಿಯಾಗಿ ಬಾಳುವ ಹಿರಿಯರ ದಿನಚರಿಗೆ ಬೆಕ್ಕು ಒಂದು ಕ್ರಮ ತರುತ್ತದೆ. ಸಂಗಾತಿ ತೀರಿಕೊಂಡು ಮಕ್ಕಳು ದೂರದ ಊರಿನಲ್ಲಿದ್ದರೆ ಏಳುವುದಕ್ಕೂ ಉಣ್ಣುವುದಕ್ಕೂ ಹೊತ್ತುಗೊತ್ತು ಉಳಿಯುವುದಿಲ್ಲ. ಬೆಕ್ಕಿದ್ದರೆ ಹಾಗಾಗದು. ಅದು ನಸುಕಿನಲ್ಲೇ ಬಂದು ಕೂಗುತ್ತದೆ. ಅದಕ್ಕೆ ತಿನ್ನಲು ಹಾಕಲೆಂದು ಎದ್ದವರು ತಮಗೂ ಕಾಫಿ ಮಾಡಿಕೊಳ್ಳುತ್ತಾರೆ. ದಿನದಲ್ಲಿ ನಾಲ್ಕು ಮಾತು ಆಡಲು ಎದುರಿಗೊಂದು ಜೀವವೂ ಇರುತ್ತದೆ. ನಾಯಿಯಂತೆ ಬೀದಿ ಸುತ್ತಿಸಬೇಕಿಲ್ಲವಾದ್ದರಿಂದ ಮಂಡಿನೋವು ಇರುವವರಿಗೂ ಬೆಕ್ಕು ಸಾಕುವುದು ಸಾಧ್ಯ.

ಆದರೆ ಎಬ್ಬಿಸುವ ಅದೇ ಹಸಿವು ಬೀಳಿಸಲೂಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2009ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅಲ್ಲಿ ವರ್ಷಕ್ಕೆ 86,000ಕ್ಕೂ ಹೆಚ್ಚು ಜನ ನಾಯಿ, ಬೆಕ್ಕುಗಳ ಕಾರಣದಿಂದ ಬಿದ್ದು ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಿದ್ದರು. ಹೆಚ್ಚಿನವು ನಾಯಿಯಿಂದಾದ ಪ್ರಕರಣಗಳೇ. ಬೆಕ್ಕಿನ ಪಾಲು ಸಣ್ಣದು, ಆದರೆ ಅದರ ಅಪಾಯವಿರುವುದು ಮನೆಯೊಳಗೆ.

ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ ಬೆಳಗಿನ ಐದು ಗಂಟೆಗೆ ಬೆಕ್ಕಿನ ಕೂಗಿಗೆ ಏಳುತ್ತಾರೆ ಎಂದುಕೊಳ್ಳೋಣ. ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ವಯಸ್ಸಾದ ಕಣ್ಣು ಕತ್ತಲೆಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಓದಲೂ ಆಗುವ ಬೈಫೋಕಲ್ ಕನ್ನಡಕ ಹಾಕಿಕೊಂಡರೆ ಅದರ ಕೆಳಭಾಗದಿಂದ ನೆಲ ಮಸುಕಾಗಿ ಕಾಣುತ್ತದೆ. ಬೆಕ್ಕು ಹಿಂದಿನಿಂದ ಸದ್ದಿಲ್ಲದೆ ಬಂದು, ಎತ್ತಿದ ಕಾಲು ಊರುವ ಜಾಗದಲ್ಲೇ ಮೈ ಉಜ್ಜುತ್ತದೆ. ಅದನ್ನು ತುಳಿಯಬಾರದೆಂದು ಅಜ್ಜಿ ಕಾಲು ಓರೆಯಾಗಿ ಇಡುತ್ತಾರೆ. ಕೈಯಲ್ಲಿ ಹಾಲಿನ ಪಾತ್ರೆ ಇರುವುದರಿಂದ ಗೋಡೆ ಹಿಡಿಯಲೂ ಆಗದೆ ಪಕ್ಕಕ್ಕೆ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುವುದು ಹೆಚ್ಚಾಗಿ ಹೀಗೆ ಪಕ್ಕಕ್ಕೆ ಬಿದ್ದಾಗಲೇ.

ಆದ್ದರಿಂದ ತಿದ್ದಬೇಕಾದದ್ದು ಉಣಿಸುವ ಕ್ರಮವನ್ನು. ಕೂಗಿದ ಕೂಡಲೇ ಹಾಕಿದರೆ ಬೆಕ್ಕು ಕೂಗುವುದನ್ನೇ ಕಲಿಯುತ್ತದೆ. ಬೆಳಕು ಹರಿದ ಮೇಲೆ, ದಿನವೂ ಒಂದೇ ಹೊತ್ತಿಗೆ ಹಾಕಿದರೆ ಕೆಲವು ವಾರಗಳಲ್ಲಿ ಅದಕ್ಕೇ ಒಗ್ಗಿಕೊಳ್ಳುತ್ತದೆ. ಒಣ ಆಹಾರವನ್ನು ರಾತ್ರಿ ಮಲಗುವ ಮುನ್ನವೇ ಅಡುಗೆಮನೆಯ ಒಂದು ಮೂಲೆಯಲ್ಲಿ ಇಟ್ಟರೆ ನಸುಕಿನ ಪರದಾಟ ಇನ್ನೂ ಕಡಿಮೆ. ತಟ್ಟೆಯನ್ನು ಬೆಕ್ಕು ಹತ್ತಬಲ್ಲ ಗಟ್ಟಿ ಸ್ಟೂಲಿನ ಮೇಲಿಟ್ಟರೆ ಬಗ್ಗುವುದೂ ತಪ್ಪುತ್ತದೆ. ನೀರಿನ ಬಟ್ಟಲು ನಡೆಯುವ ದಾರಿಯಲ್ಲಿ ಬೇಡ; ನುಣುಪಾದ ಟೈಲ್ಸ್ ಮೇಲೆ ಚೆಲ್ಲಿದ ನೀರು ಬೆಕ್ಕಿಗಿಂತ ಅಪಾಯಕಾರಿ. ಎದ್ದವರು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ದೀಪ ಹಾಕಿ, ಬೆಕ್ಕು ಎಲ್ಲಿದೆಯೆಂದು ನೋಡಿ ಹೆಜ್ಜೆ ಇಡಬೇಕು. ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಕೊರಳಪಟ್ಟಿಗೆ ಗೆಜ್ಜೆ ಕಟ್ಟಿದರೆ ಸುಳಿವು ಸಿಗುತ್ತದೆ. ಕಿವಿ ಮಂದವಾಗಿರುವವರು ಮಾತ್ರ ಗೆಜ್ಜೆಯನ್ನು ನಂಬಿಕೊಳ್ಳಬಾರದು.

ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಲೇಬೇಕು. ಬೆಕ್ಕನ್ನು ನೋಡಿಕೊಳ್ಳುವವರಿಲ್ಲ ಎಂಬ ಚಿಂತೆಯಿಂದ ಹಿರಿಯರು ಅದನ್ನು ಮುಂದೂಡುವುದುಂಟು. ನೆರೆಮನೆಯವರ ಬಳಿ ಮೊದಲೇ ಒಂದು ಬೀಗದ ಕೈ ಕೊಟ್ಟು, ಬೆಕ್ಕಿಗೆ ಏನು, ಎಷ್ಟು ಹಾಕಬೇಕೆಂದು ಹೇಳಿಟ್ಟಿದ್ದರೆ ಆ ಅಡ್ಡಿ ಇರುವುದಿಲ್ಲ.