ವರ್ಗಮೂಲದೊಳಗೆ ಅಡಗಿರುವ ತ್ರಿಭುಜ

ದ್ವಿತೀಯ ಪಿಯುಸಿಯಲ್ಲಿ ಗಣಿತ ಓದಿದವರಿಗೆ ಒಂದು ಸೂತ್ರ ನೆನಪಿರಬಹುದು:

∫ dx/√(x² + a²) = log |x + √(x² + a²)| + C

ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮುಗಿಸುವವರೇ ಹೆಚ್ಚು. ಆದರೆ ಒಮ್ಮೆ ನಿಂತು ನೋಡಿದರೆ ಇದು ವಿಚಿತ್ರವಾದ ಸೂತ್ರ. ಎಡಗಡೆ ಇರುವುದು ಒಂದು ವರ್ಗ, ಒಂದು ವರ್ಗಮೂಲ, ಒಂದು ಭಾಗಾಕಾರ. ಬಲಗಡೆಗೆ ಲಾಗರಿದಮ್ ಎಲ್ಲಿಂದ ಬಂತು? ಅದನ್ನು ತಂದುಕೊಟ್ಟದ್ದು ಒಂದು ಕೋನ. ಆ ಕೋನ ಎಡಗಡೆಯಲ್ಲೂ ಕಾಣುವುದಿಲ್ಲ, ಬಲಗಡೆಯಲ್ಲೂ ಕಾಣುವುದಿಲ್ಲ. ಲೆಕ್ಕದ ನಡುವೆ ಬಂದು ಕೆಲಸ ಮುಗಿಸಿ ಹೊರಟುಹೋಗಿರುತ್ತದೆ.

ಒಂದು ನಿರ್ದಿಷ್ಟ ಲೆಕ್ಕ ತೆಗೆದುಕೊಳ್ಳೋಣ. y = 1/√(x² + 9) ಎಂಬ ವಕ್ರರೇಖೆಯ ಕೆಳಗೆ, x ಸೊನ್ನೆಯಿಂದ 4ರವರೆಗೆ ಎಷ್ಟು ವಿಸ್ತೀರ್ಣವಿದೆ? ಉತ್ತರ ಎಷ್ಟರ ಸುಮಾರಿಗೆ ಇರಬೇಕೆಂದು ಮೊದಲೇ ಅಂದಾಜು ಮಾಡಬಹುದು. ಆರಂಭದಲ್ಲಿ ರೇಖೆಯ ಎತ್ತರ 1/3, ಕೊನೆಯಲ್ಲಿ 1/5. ಅಗಲ 4. ಹಾಗಾಗಿ ವಿಸ್ತೀರ್ಣ 4/5ಕ್ಕಿಂತ ಹೆಚ್ಚು, 4/3ಕ್ಕಿಂತ ಕಡಿಮೆ.

ಸಾಮಾನ್ಯವಾಗಿ ಮೊದಲು ಹೊಳೆಯುವ ದಾರಿಯೆಂದರೆ x² + 9 ಅನ್ನೇ u ಎಂದು ಕರೆಯುವುದು. ಅದು ಇಲ್ಲಿ ನಡೆಯುವುದಿಲ್ಲ. u ಅನ್ನು ಅವಕಲಿಸಿದರೆ 2x dx ಬರುತ್ತದೆ, ಆದರೆ ನಮ್ಮ ಲೆಕ್ಕದ ಅಂಶದಲ್ಲಿ x ಇಲ್ಲ. ಅಂಶದಲ್ಲಿ x ಇದ್ದಿದ್ದರೆ, ಅಂದರೆ ಲೆಕ್ಕ x/√(x² + 9) ಆಗಿದ್ದರೆ, ಎರಡೇ ಸಾಲಿನಲ್ಲಿ 5 − 3 = 2 ಎಂದು ಮುಗಿಯುತ್ತಿತ್ತು; ಕೋನದ ಗೊಡವೆಯೇ ಬೇಕಿರಲಿಲ್ಲ. ಒಂದು ಅಕ್ಷರ ಇಲ್ಲದ್ದರಿಂದ ದಾರಿಯೇ ಬದಲಾಗುತ್ತದೆ.

ಈಗ √(x² + 9) ಅನ್ನು ಬೇರೆ ಕಣ್ಣಿನಿಂದ ನೋಡಿ. ಲಂಬಕೋನದ ಎರಡು ಬಾಹುಗಳು x ಮತ್ತು 3 ಆಗಿದ್ದರೆ, ಪೈಥಾಗೊರಸ್ ಪ್ರಮೇಯದ ಪ್ರಕಾರ ವಿಕರ್ಣದ ಉದ್ದ ಇದೇ ತಾನೆ? 3ರ ಬಾಹು ಮತ್ತು ವಿಕರ್ಣದ ನಡುವಿನ ಕೋನವನ್ನು θ ಎಂದು ಕರೆದರೆ, x = 3 tan θ ಆಗುತ್ತದೆ. ವಿಕರ್ಣ 3 sec θ. 1 + tan²θ = sec²θ ಆಗಿರುವುದರಿಂದ ವರ್ಗಮೂಲದ ಚಿಹ್ನೆ ತಾನಾಗಿ ಕಳಚಿಬೀಳುತ್ತದೆ. ಈ ವಿಧಾನದ ಉದ್ದೇಶವೇ ಅದು. ಜೊತೆಗೆ dx ಬದಲಿಗೆ 3 sec²θ dθ ಬರೆಯಬೇಕು. ಇದನ್ನು ಬರೆಯಲು ಮರೆತು ಲೆಕ್ಕ ಕೆಡಿಸಿಕೊಳ್ಳುವವರು ಬಹಳ. ಎಲ್ಲವನ್ನೂ ಸೇರಿಸಿದರೆ:

∫ 3 sec²θ dθ / (3 sec θ) = ∫ sec θ dθ

ಈ ಚಿಕ್ಕ ಲೆಕ್ಕಕ್ಕೆ ದೊಡ್ಡ ಚರಿತ್ರೆಯಿದೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಪ್ರಕಟಿಸಿದ ಭೂಪಟದಲ್ಲಿ ದಿಕ್ಸೂಚಿ ತೋರುವ ಒಂದೇ ದಿಕ್ಕಿನಲ್ಲಿ ಸಾಗುವ ಹಡಗಿನ ಹಾದಿ ಸರಳರೇಖೆಯಾಗಿ ಕಾಣುತ್ತಿತ್ತು. ಅದಕ್ಕಾಗಿ ಧ್ರುವಗಳತ್ತ ಹೋದಂತೆ ನಕ್ಷೆಯನ್ನು ಹಿಗ್ಗಿಸಬೇಕು. θ ಅಕ್ಷಾಂಶದ ವೃತ್ತ ಸಮಭಾಜಕ ವೃತ್ತಕ್ಕಿಂತ cos θ ಪಟ್ಟು ಚಿಕ್ಕದು. ನಕ್ಷೆಯಲ್ಲಿ ಎರಡೂ ಒಂದೇ ಉದ್ದ. ಹಾಗಾಗಿ ಅಡ್ಡಕ್ಕೆ sec θ ಪಟ್ಟು ಹಿಗ್ಗುತ್ತದೆ. ದಿಕ್ಕು ತಪ್ಪದಿರಬೇಕಾದರೆ ಉದ್ದಕ್ಕೂ ಅಷ್ಟೇ ಹಿಗ್ಗಿಸಬೇಕು. 60 ಡಿಗ್ರಿಯಲ್ಲಿ ಇದು ಎರಡು ಪಟ್ಟು. ಸಮಭಾಜಕದಿಂದ ಒಂದು ಊರು ನಕ್ಷೆಯಲ್ಲಿ ಎಷ್ಟು ಎತ್ತರದಲ್ಲಿ ಬರಬೇಕೆಂದು ತಿಳಿಯಲು ಈ ಹಿಗ್ಗುವಿಕೆಗಳನ್ನೆಲ್ಲ ಕೂಡಬೇಕು. ಅದೇ ∫ sec θ dθ.

ಇಂಗ್ಲೆಂಡಿನ ಎಡ್ವರ್ಡ್ ರೈಟ್ ಸಣ್ಣ ಸಣ್ಣ ಅಂತರಗಳಲ್ಲಿ sec ಬೆಲೆಗಳನ್ನು ಕೈಯಿಂದ ಕೂಡಿ 1599ರಲ್ಲಿ ಕೋಷ್ಟಕ ಪ್ರಕಟಿಸಿದ. 1645ರ ಸುಮಾರಿಗೆ ಹೆನ್ರಿ ಬಾಂಡ್ ಎಂಬಾತ ಆ ಅಂಕಿಗಳು tan(45° + θ/2)ನ ಲಾಗರಿದಮ್ ಕೋಷ್ಟಕಕ್ಕೆ ಹೊಂದುತ್ತವೆಂದು ಗಮನಿಸಿದ. ಯಾಕೆ ಹೊಂದುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಜೇಮ್ಸ್ ಗ್ರೆಗರಿ 1668ರಲ್ಲಿ ಸಾಧಿಸಿದ. 1670ರಲ್ಲಿ ಐಸಾಕ್ ಬ್ಯಾರೋ ಅದಕ್ಕಿಂತ ಸುಲಭವಾದ ಸಾಧನೆ ಕೊಟ್ಟ. ಕಲನಶಾಸ್ತ್ರದ ಬಗ್ಗೆ ಲೈಬ್ನಿಜ್ ಮೊದಲ ಲೇಖನ ಪ್ರಕಟಿಸಿದ್ದು 1684ರಲ್ಲಿ. ಅಂದರೆ ಈ ಅನುಕಲನದ ಉತ್ತರ ಅದಕ್ಕೂ ಮುಂಚೆಯೇ ನಾವಿಕರ ಕೋಷ್ಟಕಗಳಲ್ಲಿ ಕೂತಿತ್ತು. ಗಣಿತದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಸಂಗಗಳಲ್ಲಿ ಇದೊಂದು.

ಇಂದು ಆ ಉತ್ತರವನ್ನು log |sec θ + tan θ| ಎಂದು ಬರೆಯುತ್ತೇವೆ. sec θ + tan θ ಅನ್ನು ಅವಕಲಿಸಿದರೆ ಅದೇ ಮೊತ್ತದ sec θ ಪಟ್ಟು ಸಿಗುತ್ತದೆ. ಹಾಗಾಗಿ ಅದರ ಲಾಗರಿದಮನ್ನು ಅವಕಲಿಸಿದರೆ ಬರಿ sec θ ಉಳಿಯುತ್ತದೆ. ಲಾಗರಿದಮ್ ಬಂದದ್ದು ಇಲ್ಲಿಂದ.

ಇನ್ನು ಕೋನವನ್ನು ಕಳುಹಿಸಿಕೊಡಬೇಕು. x = 4 ಆದಾಗ ನಮ್ಮ ತ್ರಿಭುಜದ ಬಾಹುಗಳು 3, 4, 5. ಅಲ್ಲಿ sec θ = 5/3, tan θ = 4/3, ಮೊತ್ತ 3. x ಸೊನ್ನೆಯಾದಾಗ ಮೊತ್ತ 1. ಆದ್ದರಿಂದ ವಿಸ್ತೀರ್ಣ log 3, ಅಂದರೆ 1.0986. ನಾವು ಮೊದಲು ಹಾಕಿಕೊಂಡ 0.8 ಮತ್ತು 1.33ರ ನಡುವೆಯೇ ಬಂದಿದೆ. ಆ ತ್ರಿಭುಜದ ಕೋನ 53.13 ಡಿಗ್ರಿ. ಡಬ್ಲಿನ್ ನಗರಕ್ಕೆ ಸ್ವಲ್ಪ ದಕ್ಷಿಣದ ಅಕ್ಷಾಂಶವದು. ಗೋಳದ ಮೇಲೆ ಸಮಭಾಜಕದಿಂದ ಅಲ್ಲಿಗೆ ತ್ರಿಜ್ಯದ 0.927 ಪಟ್ಟು ದೂರ. ಮರ್ಕೇಟರ್ ನಕ್ಷೆಯಲ್ಲಿ ಅದು 1.0986 ಪಟ್ಟು.

ಒಳಗೆ ಕೂಡುವ ಬದಲು ಕಳೆಯುವ ಚಿಹ್ನೆ ಬಂದರೆ, ಅಂದರೆ √(x² − 9) ಆದರೆ, ತ್ರಿಭುಜ ತಿರುಗಿ ಕೂರುತ್ತದೆ. ಈಗ x ವಿಕರ್ಣ, ವರ್ಗಮೂಲ ಒಂದು ಬಾಹು. ಹಾಗಾಗಿ x = 3 sec θ ಎಂದು ಇಡುತ್ತೇವೆ, ವರ್ಗಮೂಲ 3 tan θ ಆಗುತ್ತದೆ. ಅಪಾಯ ಇರುವುದು ಇಲ್ಲಿಯೇ. ನಿಜವಾಗಿ ಅದು 3 tan θ ಅಲ್ಲ, 3 |tan θ|. ಹಿಂದಿನ ಲೆಕ್ಕದಲ್ಲಿ ಕೋನ −90 ಮತ್ತು 90 ಡಿಗ್ರಿಗಳ ನಡುವೆ ಇತ್ತು. ಅಲ್ಲಿ sec ಯಾವಾಗಲೂ ಧನ, ಚಿಂತೆಯಿರಲಿಲ್ಲ. ಇಲ್ಲಿ x ಋಣವಾದರೆ ಕೋನ 90 ದಾಟುತ್ತದೆ, tan ಋಣವಾಗುತ್ತದೆ. ವರ್ಗಮೂಲ ಮಾತ್ರ ಎಂದಿಗೂ ಋಣವಾಗುವಂತಿಲ್ಲ.

√(x² − 9)/x ಅನ್ನು −5ರಿಂದ −3ರವರೆಗೆ ಅನುಕಲಿಸಿ ನೋಡಿ. ಎರಡು ಗೆರೆಗಳನ್ನು ಮರೆತು 3 tan θ ಎಂದೇ ಮುಂದುವರಿದರೆ ಉತ್ತರ 3(tan θ − θ) ರೂಪದಲ್ಲಿ ಬಂದು, ಮಿತಿಗಳನ್ನು ಹಾಕಿದಾಗ +1.218 ಸಿಗುತ್ತದೆ. ಪ್ರತಿ ಹೆಜ್ಜೆಯೂ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಈ ಮಿತಿಗಳ ನಡುವೆ ಅಂಶ ಧನ, ಛೇದ ಋಣ; ರೇಖೆ ಪೂರ್ತಿ x ಅಕ್ಷದ ಕೆಳಗಿದೆ. ಅಂಥದ್ದರ ಮೊತ್ತ ಧನವಾಗಲು ಹೇಗೆ ಸಾಧ್ಯ? ಸರಿಯಾದ ಉತ್ತರ −1.218, ಅಂದರೆ 3 cos⁻¹(3/5) − 4. ತಪ್ಪಿದ್ದು ಚಿಹ್ನೆ ಮಾತ್ರ, ಅಂಕಿಯಲ್ಲ. ಅದಕ್ಕೇ ಇದು ಕಣ್ಣಿಗೆ ಬೀಳದೆ ನುಸುಳುತ್ತದೆ.

ಪರೀಕ್ಷೆಗೆ ಕೂರುವವರು √(x² − a²) ಕಂಡೊಡನೆ x = a sec θ ಎಂದು ಬರೆಯುವ ಮುನ್ನ ಮಿತಿಗಳು ಸೊನ್ನೆಯ ಯಾವ ಕಡೆ ಇವೆಯೆಂದು ನೋಡಿ. ಎಡಗಡೆ ಇದ್ದರೆ ಮೊದಲು x = −t ಎಂದು ಬದಲಿಸಿಕೊಂಡು ಬಲಗಡೆಗೆ ತಂದುಬಿಡಿ; ಆಮೇಲೆ ಕೋನ 90 ಡಿಗ್ರಿಯೊಳಗೇ ಇರುತ್ತದೆ, tan ಧನವಾಗಿಯೇ ಉಳಿಯುತ್ತದೆ.