ಕಾಲರಿನ ಒಳಗೇನಿದೆ?

ಹೊಸ ಅಂಗಿ ನಾಲ್ಕಾರು ಒಗೆತ ಕಾಣುವಷ್ಟರಲ್ಲಿ ಕಾಲರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಇಸ್ತ್ರಿ ಮಾಡಿದಾಗ ಕೂತಂತೆ ಕಂಡು, ಮುಂದಿನ ಒಗೆತಕ್ಕೆ ಮತ್ತೆ ಮೇಲೇಳುತ್ತದೆ. ಬಟ್ಟೆ ಸರಿಯಿಲ್ಲ ಎಂದು ಅಂಗಡಿಯವನನ್ನೋ, ಹೊಲಿಗೆ ಸರಿಯಿಲ್ಲ ಎಂದು ಟೈಲರನ್ನೋ ದೂರುತ್ತೇವೆ. ಬಹಳ ಸಲ ತಪ್ಪಿರುವುದು ಈ ಎರಡರಲ್ಲೂ ಅಲ್ಲ, ನಡುವೆ ಅಡಗಿ ಕೂತ ಮೂರನೆಯ ಬಟ್ಟೆಯಲ್ಲಿ.

ಕಾಲರ್, ಕಫ್, ಪ್ಯಾಂಟಿನ ಸೊಂಟಪಟ್ಟಿ ಇವೆಲ್ಲ ಎರಡು ಪದರದ ಬಟ್ಟೆಯಂತೆ ಕಂಡರೂ ಒಳಗೊಂದು ಪದರ ಇದ್ದೇ ಇರುತ್ತದೆ. ನಮ್ಮ ಟೈಲರುಗಳು ಅದನ್ನು ಕ್ಯಾನ್ವಾಸ್ ಎನ್ನುತ್ತಾರೆ, ಗಟ್ಟಿಯದಾದರೆ ಬಕ್ರಂ ಎನ್ನುತ್ತಾರೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಇಂಟರ್‌ಲೈನಿಂಗ್ ಎನ್ನುವುದೂ ಇದನ್ನೇ. ಇದರಲ್ಲಿ ಎರಡು ಜಾತಿ. ಒಂದನ್ನು ಹೊರಬಟ್ಟೆಯ ಜೊತೆ ಅಂಚಿನಲ್ಲಿ ಸೇರಿಸಿ ಹೊಲಿಯುತ್ತಾರೆ. ಅದು ಒಳಗೆ ತನ್ನ ಪಾಡಿಗೆ ತಾನು ಬಿಡಿಯಾಗಿರುತ್ತದೆ. ಇನ್ನೊಂದರ ಒಂದು ಮುಖದ ಮೇಲೆ ಬಿಸಿಗೆ ಕರಗುವ ಪ್ಲಾಸ್ಟಿಕ್ ಅಂಟಿನ ಚುಕ್ಕೆಗಳಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅವು ಮಿನುಗುತ್ತವೆ, ಬೆರಳಾಡಿಸಿದರೆ ತರಿತರಿ ಎನಿಸುತ್ತವೆ. ಆ ಮುಖವನ್ನು ಬಟ್ಟೆಯ ಒಳಮೈಗಿಟ್ಟು ಬಿಸಿ ಒತ್ತಿದರೆ ಎರಡೂ ಒಂದಾಗುತ್ತವೆ. ಇದು ಫ್ಯೂಸಿಂಗ್. ನಿಮ್ಮ ಅಂಗಿಯಲ್ಲಿರುವುದು ಯಾವುದೆಂದು ತಿಳಿಯಬೇಕಾದರೆ ಕಾಲರಿನ ಮೇಲ್ಪದರವನ್ನು ಚಿವುಟಿ ಎಳೆದು ನೋಡಿ. ಹೊರಬಟ್ಟೆ ಮಾತ್ರ ತೆಳ್ಳಗೆ ಕೈಗೆ ಬಂದರೆ ಹೊಲಿದ ಕ್ಯಾನ್ವಾಸ್. ದಪ್ಪವಾಗಿ ಎರಡೂ ಸೇರಿಯೇ ಬಂದರೆ ಅಂಟಿಸಿದ್ದು.

ಇವೆರಡರ ವ್ಯತ್ಯಾಸ ಕೆಲಸ ಸುಲಭವೋ ಕಷ್ಟವೋ ಎನ್ನುವುದರಲ್ಲಿ ಮುಗಿಯುವುದಿಲ್ಲ. ಎರಡು ಹಳೆಯ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದಿಟ್ಟು ಬಾಗಿಸಿ ನೋಡಿ. ಒಂದರ ಮೇಲೊಂದು ಜಾರುತ್ತ ಸುಲಭವಾಗಿ ಬಾಗುತ್ತವೆ. ಅವೆರಡನ್ನೂ ಪೂರ್ತಿ ಅಂಟಿಸಿ ಒಣಗಿದ ಮೇಲೆ ಬಾಗಿಸಿ, ರಟ್ಟಿನಂತೆ ನಿಲ್ಲುತ್ತವೆ. ಹಾಳೆಯ ಬಿಗುವು ಅದರ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಬಿಡಿಯಾಗಿಟ್ಟ ಎರಡು ಹಾಳೆಗಳ ಬಿಗುವು ಎರಡು ಪಟ್ಟಾದರೆ, ಅಂಟಿಸಿದ ಎರಡು ಹಾಳೆಗಳದ್ದು ಎಂಟು ಪಟ್ಟು. ಬಟ್ಟೆ ಎಳೆಗಳಿಂದ ಆದದ್ದು, ಎಳೆಗಳು ಅಷ್ಟಿಷ್ಟು ಸರಿದಾಡುತ್ತವೆ, ಅಂಟಿರುವುದೂ ಚುಕ್ಕೆ ಚುಕ್ಕೆಯಾಗಿ. ಹಾಗಾಗಿ ಬಟ್ಟೆಯಲ್ಲಿ ಪೂರ್ತಿ ಎಂಟು ಪಟ್ಟು ಬರುವುದಿಲ್ಲ. ಆದರೆ ದಿಕ್ಕು ಅದೇ.

ಕ್ಯಾನ್ವಾಸ್ ಆರಿಸುವಾಗ ಆಗುವ ಎಡವಟ್ಟೆಲ್ಲ ಇಲ್ಲಿಂದಲೇ ಶುರು. ಅಂಗಡಿಯಲ್ಲಿ ಕ್ಯಾನ್ವಾಸನ್ನು ಬೆರಳಲ್ಲಿ ಮುಟ್ಟಿ, ಕಾಲರ್ ಇಷ್ಟು ಗಟ್ಟಿ ಬರಬೇಕು ಎಂದು ಅಂದಾಜು ಮಾಡಿ ತರುತ್ತೇವೆ. ಹೊಲಿಯುವ ಕ್ಯಾನ್ವಾಸಿಗೆ ಆ ಅಂದಾಜು ನಡೆಯುತ್ತದೆ. ಫ್ಯೂಸಿಂಗ್ ಆದರೆ ಅಂಟಿದ ಮೇಲೆ ಅದು ಕೈಗೆ ಸಿಕ್ಕಾಗ ಇದ್ದುದಕ್ಕಿಂತ ಎಷ್ಟೋ ಗಟ್ಟಿಯಾಗುತ್ತದೆ. ಅದಕ್ಕೇ ಫ್ಯೂಸಿಂಗನ್ನು ಬೇಕೆನಿಸಿದ್ದಕ್ಕಿಂತ ಒಂದು ಮೆಟ್ಟಿಲು ಹಗುರವಾದದ್ದೇ ಆರಿಸಬೇಕು.

ಒಂದು ಅಂಗಿಯನ್ನೇ ತೆಗೆದುಕೊಳ್ಳೋಣ. ಬಿಳಿ ಹತ್ತಿ ಪಾಪ್ಲಿನ್, ತೂಕ ಚದರ ಮೀಟರಿಗೆ ಸುಮಾರು 110 ಗ್ರಾಂ. ಬಟ್ಟೆ ವ್ಯಾಪಾರದಲ್ಲಿ ಇದನ್ನು 110 ಜಿಎಸ್‌ಎಂ ಎನ್ನುತ್ತಾರೆ, ಕ್ಯಾನ್ವಾಸಿನ ತೂಕವನ್ನೂ ಹೀಗೇ ಹೇಳುತ್ತಾರೆ. ಮನೆಯಲ್ಲಿ, ಹಬ್ಬ ಹುಣ್ಣಿಮೆಗೆ ಹಾಕುವ ಮೆತ್ತಗಿನ ಕಾಲರ್ ಬೇಕಾದರೆ 60 ಗ್ರಾಂ ಆಸುಪಾಸಿನ ನೇಯ್ದ ಹತ್ತಿ ಫ್ಯೂಸಿಂಗ್ ಸಾಕು. ಕಚೇರಿಗೆ ತೊಡುವ ಕಾಲರಿಗೆ ಅಂಗಿಬಟ್ಟೆಯಷ್ಟೇ ತೂಕದ್ದು ಹೊಂದುತ್ತದೆ. ಟೈ ಕಟ್ಟುವ ಫಾರ್ಮಲ್ ಅಂಗಿಗಳಿಗೆ ಕಾರ್ಖಾನೆಯವರು ಅಂಗಿಬಟ್ಟೆಗಿಂತ ಭಾರವಾದದ್ದನ್ನೇ ಹಾಕುತ್ತಾರೆ. ಆ ಬಿರುಸು ಬೇಕೆಂದೇ ಮಾಡಿದ್ದು, ಅದಕ್ಕೆ ತಕ್ಕ ಯಂತ್ರವೂ ಅವರಲ್ಲಿದೆ. ಹೊಲಿಯುವ ಕ್ಯಾನ್ವಾಸ್ ಹಾಕುವುದಾದರೆ ಅಂಗಿಬಟ್ಟೆಗೆ ಸಮ, ಇಲ್ಲವೇ ತುಸು ಹೆಚ್ಚು ತೂಕದ ಹತ್ತಿ ಬಟ್ಟೆ ಬೇಕು. ಆ ಕಾಲರ್ ಫ್ಯೂಸಿಂಗ್ ಮಾಡಿದ್ದರಷ್ಟು ನುಣುಪಾಗಿ ಕೂರುವುದಿಲ್ಲ. ಆದರೆ ಕುತ್ತಿಗೆ ಸುತ್ತ ದುಂಡಗೆ ಬಾಗುತ್ತದೆ, ಅಂಟೇ ಇಲ್ಲದ್ದರಿಂದ ಅಂಟು ಬಿಡುವ ಪ್ರಶ್ನೆಯೂ ಇಲ್ಲ. ನನ್ನ ಒಲವು ಇದರ ಕಡೆಗೇ.

ಹೊಲಿಯುವ ಬಕ್ರಂ ಕೊಳ್ಳುವಾಗ ಒಂದು ಪರೀಕ್ಷೆ ಮಾಡಲೇಬೇಕು. ಅಂಗೈಯಗಲದ ತುಂಡನ್ನು ನೀರಲ್ಲಿ ನೆನೆಸಿ ಒಣಗಿಸಿ. ಕೆಲವು ಅಗ್ಗದ ಬಕ್ರಮ್ಮುಗಳ ಬಿಗುವೆಲ್ಲ ಗಂಜಿಯದು. ನೀರು ಕಂಡ ಕೂಡಲೇ ಗಂಜಿ ಹೋಗಿ ಸೊಳ್ಳೆಪರದೆಯಂಥ ಬಟ್ಟೆ ಮಾತ್ರ ಉಳಿಯುತ್ತದೆ. ಅಂಗಿಯ ಕಾಲರೂ ಮೊದಲ ಒಗೆತಕ್ಕೇ ಹಾಗೆ ಬಿದ್ದುಹೋಗುತ್ತದೆ.

ಇನ್ನು ಗುಳ್ಳೆಗಳ ವಿಷಯ. ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ಹೊರಬಟ್ಟೆ, ಒಳಪದರ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ತೊಂದರೆಯಿಲ್ಲ. ಒಂದು ನೂರಕ್ಕೆ ಮೂರರಷ್ಟು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ, 40 ಸೆಂಟಿಮೀಟರ್ ಉದ್ದದ ಕಾಲರಿನಲ್ಲಿ 1.2 ಸೆಂಟಿಮೀಟರ್ ಬಟ್ಟೆ ಹೆಚ್ಚುವರಿಯಾಗಿ ಉಳಿಯುತ್ತದೆ. ಅದು ಎಲ್ಲಿಗಾದರೂ ಹೋಗಲೇಬೇಕು. ಒಳಪದರ ಕುಗ್ಗಿದ್ದರೆ ಹೊರಬಟ್ಟೆ ಸಡಿಲಾಗಿ, ಅಂಟು ಎಲ್ಲಿ ದುರ್ಬಲವೋ ಅಲ್ಲಿ ಬಿಟ್ಟು ಗುಳ್ಳೆಯಾಗುತ್ತದೆ. ಹೊರಬಟ್ಟೆಯೇ ಕುಗ್ಗಿದ್ದರೆ ಗುಳ್ಳೆಗಿಂತ ಮೊದಲು ಕಾಲರಿನ ಎರಡು ಮೊನೆಗಳು ಮೇಲಕ್ಕೆ ಸುರುಳುತ್ತವೆ. ಒಗೆದ ಕಾಲರಿನ ಈ ಎರಡು ಗುರುತು ನೋಡಿಯೇ ಯಾವುದನ್ನು ಮೊದಲು ನೆನೆಸಿ ಕುಗ್ಗಿಸಬೇಕಿತ್ತು ಎಂದು ಹೇಳಬಹುದು. ಮೂರನೆಯ ಬಗೆಯೂ ಇದೆ: ಅಲ್ಲೊಂದು ಇಲ್ಲೊಂದು ಕಾಸಿನಗಲ ಮಾತ್ರ ಎದ್ದಿರುವುದು. ಅಲ್ಲಿ ಕುಗ್ಗಿದ್ದಕ್ಕಿಂತ ಬಿಸಿ ಸರಿಯಾಗಿ ತಾಗದಿರುವ ಸಾಧ್ಯತೆಯೇ ಹೆಚ್ಚು.

ಹಾಗಾಗಿ ಕತ್ತರಿಸುವ ಮೊದಲು ಅಂಗಿಬಟ್ಟೆಯನ್ನು ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ನೇಯ್ದ ಫ್ಯೂಸಿಂಗನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಲು ಬಿಡಬಹುದು. ಹಿಂಡಬಾರದು, ಉಜ್ಜಬಾರದು, ಹಾಗೇ ಎತ್ತಿ ನೆರಳಲ್ಲಿ ನೀರಿಳಿಯಲು ಹಾಕಬೇಕು. ಆಮೇಲೆ 10 ಸೆಂಟಿಮೀಟರ್ ಚೌಕದ ತುಂಡಿನಲ್ಲಿ ಪ್ರಯೋಗ. ಒಂದು ಮೂಲೆಯಲ್ಲಿ ಫ್ಯೂಸಿಂಗಿನ ಕೆಳಗೆ ಕಾಗದದ ಚೂರಿಟ್ಟು ಅಷ್ಟನ್ನು ಅಂಟದಂತೆ ಬಿಡಿ. ತಣ್ಣಗಾದ ಮೇಲೆ ಆ ಮೂಲೆ ಹಿಡಿದು ಎಳೆಯಿರಿ. ಸಿಪ್ಪೆಯಂತೆ ಸರಾಗವಾಗಿ ಕಿತ್ತುಬಂದರೆ ಬಿಸಿಯೋ ಒತ್ತಡವೋ ಸಮಯವೋ ಸಾಲದು. ಬಟ್ಟೆಯ ಹೊರಮೈಯಲ್ಲಿ ಚುಕ್ಕೆ ಚುಕ್ಕೆ ಹೊಳಪು ಕಂಡರೆ ಬಿಸಿ ಜಾಸ್ತಿಯಾಗಿ ಅಂಟು ಬಟ್ಟೆಯನ್ನು ದಾಟಿ ಬಂದಿದೆ, ಇಲ್ಲವೇ ಬಟ್ಟೆಗೆ ಆ ಅಂಟು ಹೆಚ್ಚಾಗಿದೆ. ಎರಡೂ ಇಲ್ಲದಿದ್ದರೆ ಆ ತುಂಡನ್ನು ಮನೆಯ ಬಟ್ಟೆಗಳ ಜೊತೆ ಒಂದೆರಡು ಸಲ ಒಗೆಯಲು ಹಾಕಿ, ಅಳತೆ ಮತ್ತೆ ನೋಡಿ.

ಅಂಟಿಸುವಾಗ ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡಬಾರದು. ಮನೆಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎಳೆದರೆ ಕ್ಯಾನ್ವಾಸ್ ಸರಿಯುತ್ತದೆ, ಯಾವ ಜಾಗಕ್ಕೂ ಸಾಕಷ್ಟು ಹೊತ್ತು ಬಿಸಿ ಸಿಗುವುದಿಲ್ಲ. ಮೇಲೊಂದು ತೆಳು ಒದ್ದೆಬಟ್ಟೆ ಹಾಕಿ, ಮೈಭಾರ ಬಿಟ್ಟು ಒಂದು ಜಾಗದಲ್ಲಿ 10ರಿಂದ 15 ಸೆಕೆಂಡ್ ಒತ್ತಿ, ಎತ್ತಿ, ಪಕ್ಕದ ಜಾಗಕ್ಕೆ ತುಸು ಮೇಲೆಬೀಳುವಂತೆ ಇಟ್ಟು ಮತ್ತೆ ಒತ್ತಬೇಕು. ಸ್ಟೀಮ್ ಇಸ್ತ್ರಿಯ ತೂತುಗಳಿರುವ ಕಡೆ ಲೋಹ ತಾಗದು. ಅದಕ್ಕೇ ಈ ಮೇಲೆಬೀಳುವಿಕೆ. ಮುಗಿದ ಮೇಲೆ ಪೂರ್ತಿ ತಣ್ಣಗಾಗುವವರೆಗೆ ತುಂಡನ್ನು ಮುಟ್ಟದೆ ಚಪ್ಪಟೆಯಾಗಿ ಬಿಡಿ. ಕರಗಿದ ಅಂಟು ಗಟ್ಟಿಯಾಗುವುದು ಆಗಲೇ. ಕಾರ್ಖಾನೆಯ ಫ್ಯೂಸಿಂಗ್ ಯಂತ್ರದಲ್ಲಿ ಬಿಸಿ, ಒತ್ತಡ, ಸಮಯ ಮೂರೂ ಅಳತೆಯಲ್ಲಿರುತ್ತವೆ. ಒಗೆತಕ್ಕೆ ಗಟ್ಟಿಯಾಗಿ ತಡೆಯುವ ಕಾಲರ್ ಅಂಟುಗಳು ಹೆಚ್ಚು ಬಿಸಿ, ಹೆಚ್ಚು ಒತ್ತಡ ಕೇಳುತ್ತವೆ. ಅಂಥವು ಮನೆಯ ಇಸ್ತ್ರಿಗೆ ಪೂರ್ತಿ ಹಿಡಿಯದೇ ಇರಬಹುದು. ಎಷ್ಟು ಒತ್ತಿದರೂ ಮೂಲೆ ಕಿತ್ತುಬರುತ್ತಿದ್ದರೆ ಅದು ನಿಮ್ಮ ಕೈತಪ್ಪಲ್ಲ, ಬೇರೆ ಫ್ಯೂಸಿಂಗ್ ತನ್ನಿ.

ಕಾಲರಿನಲ್ಲಿ ಫ್ಯೂಸಿಂಗ್ ಹಾಕುವುದು ಹೊರಗೆ ಕಾಣುವ ಮೇಲ್ಪದರಕ್ಕೆ. ಹೊಲಿಗೆಗೆ ಬಿಟ್ಟ ಅಂಚಿನಷ್ಟನ್ನು ಕ್ಯಾನ್ವಾಸಿನಿಂದ ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ಮೊನೆ ತಿರುಗಿಸುವಾಗ ಅಲ್ಲಿ ಗಂಟಿನಂತೆ ದಪ್ಪ ಸೇರಿಕೊಳ್ಳುತ್ತದೆ.

ಕಫ್ಫಿನ ಬೇಡಿಕೆ ಬೇರೆ. ಅದು ಕಾಲರಿನಂತೆ ಮಡಚಿ ಬೀಳಬೇಕಿಲ್ಲ, ಮಣಿಕಟ್ಟಿನ ಸುತ್ತ ಬಳೆಯಾಕಾರದಲ್ಲಿ ನಿಲ್ಲಬೇಕು, ಕಾಜಾ ಹರಿಯದಂತೆ ಹಿಡಿದಿರಬೇಕು. ಕಾಲರಿಗೆ ಹಾಕಿದ್ದಕ್ಕಿಂತ ಒಂದು ದರ್ಜೆ ಹಗುರವಾದದ್ದು ಇಲ್ಲಿಗೆ ಸರಿ. 110 ಗ್ರಾಂ ಅಂಗಿಯ ಕಾಲರಿಗೆ ಅಷ್ಟೇ ತೂಕದ್ದು ಹಾಕಿದ್ದರೆ ಕಫ್ಫಿಗೆ 70–80 ಗ್ರಾಂ ಸಾಕು. ಕೈ ಮೇಜಿನ ಮೇಲೆ ಉಜ್ಜುತ್ತಲೇ ಇರುವುದರಿಂದ, ಬಿರುಸಾದ ಕಫ್ಫಿನ ಅಂಚು ಬೇಗ ಸವೆದು ಎಳೆ ಬಿಡುತ್ತದೆ.

ಸೊಂಟಪಟ್ಟಿಗೆ ತೂಕಕ್ಕಿಂತ ದಿಕ್ಕು ಮುಖ್ಯ. ಪಟ್ಟಿ ಉದ್ದಕ್ಕೆ ಹಿಗ್ಗಬಾರದು. ಹಿಗ್ಗಿದರೆ ತಿಂಗಳೊಪ್ಪತ್ತಿನಲ್ಲಿ ಪ್ಯಾಂಟು ಜಾರತೊಡಗುತ್ತದೆ. ಜೊತೆಗೆ, ಕುಳಿತಾಗ ಹೊಟ್ಟೆ ಒತ್ತಿ ಪಟ್ಟಿ ಅಡ್ಡಡ್ಡ ಮಡಚಿ ಸುರುಳಬಾರದು. ನೇಯ್ದ ಕ್ಯಾನ್ವಾಸಿನ ಹಾಸು ಎಳೆ, ಅಂದರೆ ಥಾನಿನ ಉದ್ದಕ್ಕೆ ಓಡುವ ಎಳೆ, ಪಟ್ಟಿಯ ಉದ್ದಕ್ಕೇ ಬರುವಂತೆ ಕತ್ತರಿಸಿದರೆ ಹಿಗ್ಗುವುದು ನಿಲ್ಲುತ್ತದೆ. ಸುರುಳದಿರಲು ಬೇಕಾದ ಬಿಗುವು ಪಟ್ಟಿಯ ಎತ್ತರದ ದಿಕ್ಕಿನದು. ಪ್ಯಾಂಟಿಗೆಂದೇ ಬರುವ ಗಟ್ಟಿ ಬೆಲ್ಟ್ ಕ್ಯಾನ್ವಾಸ್ ಅದನ್ನು ಕೊಡುತ್ತದೆ, ಅದನ್ನು ಹೊಲಿದೇ ಕೂರಿಸುವುದು ಒಳ್ಳೆಯದು. ಬೆವರು, ಬೆಲ್ಟಿನ ತಿಕ್ಕಾಟ, ದಿನಕ್ಕೆ ನೂರು ಸಲ ಬಾಗುವುದು ಇದೆಲ್ಲ ಅಂಟಿಗೆ ಕಠಿಣ. ಕಾಗದದಂಥ, ನೇಯದ ಫ್ಯೂಸಿಂಗನ್ನು ಇಲ್ಲಿ ಹಾಕಲೇಬೇಡಿ. ಎಳೆತಕ್ಕೆ ಒಳಗೇ ಹರಿಯುತ್ತದೆ. ಜೇಬಿನ ಬಾಯಿಗೆ, ಗುಂಡಿಪಟ್ಟಿಗೆ ಅದು ಧಾರಾಳ ಸಾಕು.

ಫ್ಯೂಸಿಂಗನ್ನು ಮುಟ್ಟಲೇಬಾರದ ಬಟ್ಟೆಗಳೂ ಇವೆ. ಮಖಮಲ್ಲನ್ನು ಒತ್ತಿದರೆ ಅದರ ರೋಮ ಮಲಗಿಬಿಡುತ್ತದೆ. ತೆಳು ವಾಯಿಲ್‌ನಲ್ಲಿ, ಜಾರ್ಜೆಟ್‌ನಲ್ಲಿ ಅಂಟಿನ ಚುಕ್ಕೆ ಹೊರಗೆ ಕಾಣುತ್ತದೆ. ರೇಷ್ಮೆಗೆ ಒದ್ದೆಬಟ್ಟೆಯ ನೀರಿನ ಕಲೆ ಬೀಳಬಹುದು, ಜರಿಗೆ ಬಿಸಿಯೇ ಆಗದಿರಬಹುದು. ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಕಾಲರ್ ಕತ್ತು ಇಡುವ ರೂಢಿ ಈಗ ಬಂದಿದೆ. ಅಲ್ಲಿ ಒಳಗೆ ನೆನೆಸಿ ಕುಗ್ಗಿಸಿದ ತೆಳು ಹತ್ತಿ ಬಟ್ಟೆಯನ್ನು ಹೊಲಿಯಿರಿ. ವಾಯಿಲ್‌ನಂಥ ತೆಳು ಬಟ್ಟೆಗೆ ಅದೇ ಬಟ್ಟೆಯ ಇನ್ನೊಂದು ಪದರವೋ ಆರ್ಗಂಜಾವೋ ಸಾಕು. ಬಣ್ಣವೂ ಬೇರೆಯಾಗಿ ಇಣುಕುವುದಿಲ್ಲ. ಹೊಲಿಗೆಗೆ ಬಿಟ್ಟ ಅಂಚಿನಲ್ಲೇ ಒಳಪದರವನ್ನು ಮೊದಲು ದೊಡ್ಡ ಟಾಕಿನಲ್ಲಿ ಹಿಡಿದು, ಮುಖ್ಯ ಹೊಲಿಗೆ ಬಿದ್ದ ಮೇಲೆ ಹೊಲಿಗೆಯ ಪಕ್ಕಕ್ಕೇ ಅದರ ಅಂಚನ್ನಷ್ಟೇ ಕತ್ತರಿಸಿ ತೆಗೆದರೆ ತಿರುಗಿಸಿದಾಗ ದಪ್ಪ ಉಳಿಯುವುದಿಲ್ಲ.